ಕೂದಲಂಚಿನ ಬಿಳಿ ಗೆರೆ

ಆಲ್ಬಮ್ ವಾಪಸ್ ತಂದ ಹುಡುಗಿ ಸಿಟ್ಟು ಮಾಡಿರಲಿಲ್ಲ. ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಪುಣೆಯ ಖಡಕಿ ಬಜಾರಿನಲ್ಲಿ ನನ್ನ ಬಾಯಿ ಗೊತ್ತಿದ್ದವರು ನನ್ನೊಡನೆ ಜಗಳಕ್ಕೆ ನಿಲ್ಲುವುದಿಲ್ಲ. ಇವಳು ಮಾತ್ರ ಆಲ್ಬಮ್ಮನ್ನು ಕೌಂಟರಿನ ಮೇಲಿಟ್ಟು, ಹಾಳೆ ತಿರುಗಿಸಿ, ವಧುವಿನ ಹೆರಳಿನ ಮೇಲೆ ಬೆರಳಿಟ್ಟು, ಮೆತ್ತಗೆ ಹೇಳಿದಳು.

“ಆಂಟಿ, ಬೇಜಾರ್ ಮಾಡ್ಕೋಬೇಡಿ. ಈ ಔಟ್‌ಲೈನ್ ನೋಡಿ. ಹುಡುಗಿ ಅಮ್ಮ ಏನಂದ್ರು ಗೊತ್ತಾ? ನಮ್ಮ ಮಗಳನ್ನ ಕತ್ತರೀಲಿ ಕತ್ತರಿಸಿ ಅಂಟಿಸಿದ ಹಾಗಿದೆ ಅಂದ್ರು.”

ಬೆಂಗಳೂರಿನ ಹುಡುಗಿ. ವಾರವೆಲ್ಲ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ಶನಿವಾರ ಭಾನುವಾರ ಮದುವೆ ಫೋಟೋ. ಪುಣೆಯ ಕನ್ನಡದವರ ಮದುವೆಗಳಲ್ಲಿ ಅವಳಿಗೆ ಒಳ್ಳೆಯ ಹೆಸರು. ತೆಗೆದ ಚಿತ್ರಗಳನ್ನೆಲ್ಲ ನಮ್ಮ ಅಂಗಡಿಗೇ ತರುತ್ತಿದ್ದಳು. ತಿದ್ದುವುದು, ಪುಟ ಹೊಂದಿಸುವುದು, ಪ್ರಿಂಟು, ಬೈಂಡಿಂಗು ಎಲ್ಲ ನಮ್ಮದೇ. ಅವಳ ಕೆಲಸ ಹೋದರೆ ಅಂಗಡಿಯಲ್ಲಿ ಉಳಿಯುವುದು ಪಾಸ್‌ಪೋರ್ಟ್ ಸೈಜಿನ ಫೋಟೋ ಮತ್ತು ಲ್ಯಾಮಿನೇಶನ್.

ನಾನು ಕನ್ನಡಕ ಏರಿಸಿ ನೋಡಿದೆ. ವಧುವಿನ ಹಿಂದೆ ಕೆನೆ ಬಣ್ಣದ ಪರದೆ. ಕಪ್ಪು ಕೂದಲು ಮುಗಿದು ಪರದೆ ಶುರುವಾಗುವಲ್ಲಿ ಒಂದು ಬಿಳಿ ಗೆರೆ. ಹೆರಳಿನ ಸುತ್ತ, ಕಿವಿಯ ಸುತ್ತ, ಭುಜದ ಸುತ್ತ ಅದೇ ಗೆರೆ. ವರನ ಕೆನ್ನೆಯಂತೂ ಮಸಾಲೆ ರುಬ್ಬುವ ಕಲ್ಲಿನಂತೆ ತರಿತರಿಯಾಗಿತ್ತು. ಪಾಪ, ಅಷ್ಟು ನುಣುಪಾದ ಹುಡುಗ!

“ಇದು ಶಾರ್ಪನಿಂಗ್ ಜಾಸ್ತಿ ಆಗಿರೋದು ಆಂಟಿ. ಮೊದಲು ಅಂಕಲ್ ಹೀಗೆ ಮಾಡ್ತಿರ್ಲಿಲ್ಲ. ಈಗೊಂದು ವರ್ಷದಿಂದ ಸ್ವಲ್ಪ ಸ್ವಲ್ಪ ಜಾಸ್ತಿ ಆಗ್ತಾ ಬಂತು, ನಾನೂ ಸುಮ್ನಿದ್ದೆ. ಈ ಆಲ್ಬಮ್ ಮತ್ತೆ ಮಾಡಿಕೊಡಿ. ಆದ್ರೆ…” ಅವಳು ಒಳಗಿನ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು. “ಅಂಕಲ್ ಕೈಲಿ ಬೇಡ. ಇನ್ಮೇಲೆ ಬೇರೆ ಯಾರಾದ್ರೂ ಮಾಡಿದ್ರೆ ಮಾತ್ರ ಕೊಡ್ತೀನಿ.”

ಅಂಕಲ್ ಎಂದರೆ ನನ್ನ ಗಂಡ. ಅವರು ಆಗ ಒಳಗಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ಇನ್ನೊಬ್ಬರ ಮದುವೆಯ ಚಿತ್ರ ತಿದ್ದುತ್ತ, ಬಾಯಲ್ಲಿ ಏನೋ ಗುನುಗುತ್ತಿದ್ದರು. ಆ ಕುರ್ಚಿಯಿಂದ ಅವರನ್ನು ಎಬ್ಬಿಸು ಎಂದು ಈ ಹುಡುಗಿ ನನಗೆ ಹೇಳುತ್ತಿದ್ದಳು. ಅಂಗಡಿಯ ಚಿಂತೆ ಆಮೇಲಿನದು. ಆ ಮನುಷ್ಯನಿಗೆ ಆ ಕುರ್ಚಿ ಬಿಟ್ಟರೆ ಬೇರೆ ಜೀವನವೇ ಇರಲಿಲ್ಲ.

ಅವರು ಧಾರವಾಡದಿಂದ ಪುಣೆಗೆ ಬಂದದ್ದು ಒಂದು ದೊಡ್ಡ ಛಾಪಖಾನೆಯ ಕ್ಯಾಮೆರಾ ವಿಭಾಗಕ್ಕೆ. ಪುಸ್ತಕ, ಕ್ಯಾಲೆಂಡರಿನ ಚಿತ್ರಗಳನ್ನು ಛಾಪಿಸುವ ಮೊದಲು ಕತ್ತಲೆ ಕೋಣೆಯಲ್ಲಿ ಫಿಲ್ಮಿಗೆ ಇಳಿಸುವ ಕೆಲಸ. ಕಂಪ್ಯೂಟರ್ ಬಂದು ಆ ವಿಭಾಗ ಮುಚ್ಚಿದಾಗ ಜೊತೆಯವರೆಲ್ಲ ಹಣೆ ಹಣೆ ಬಡಿದುಕೊಂಡರೆ ಇವರು ಅದೇ ಕಂಪ್ಯೂಟರ್ ಕಲಿತು ಈ ಅಂಗಡಿ ತೆರೆದರು. “ಯಂತ್ರ ಬದಲಿ ಆಗೇದ, ವಿದ್ಯಾ ಬದಲಿ ಆಗಿಲ್ಲ” ಎನ್ನುವುದು ಅವರ ಮಾತು.

ಆ ವಿದ್ಯೆಯಲ್ಲಿ ಅವರಿಗೆ ಎಲ್ಲಕ್ಕಿಂತ ಪ್ರೀತಿಯದು ಅನ್‌ಶಾರ್ಪ್ ಮಾಸ್ಕ್. ನಾನು ಅಂಗಡಿಗೆ ಬಂದು ಕೂಡತೊಡಗಿದ ಹೊಸತರಲ್ಲಿ, ಚಿತ್ರವನ್ನು ಚುರುಕು ಮಾಡುವ ಫಿಲ್ಟರಿಗೆ ಅನ್‌ಶಾರ್ಪ್, ಅಂದರೆ ‘ಮೊಂಡು’ ಎನ್ನುವ ಹೆಸರು ಯಾವ ಶಾಣ್ಯಾ ಇಟ್ಟ ಎಂದು ಕೇಳಿದ್ದೆ. ಅವರು ಕೆಲಸ ನಿಲ್ಲಿಸಿ ನನ್ನ ಕಡೆ ತಿರುಗಿ ಕುಳಿತರು. ಅಡಿಗೆ ಹೊತ್ತಿತು ಎಂದರೂ ತಿರುಗದ ಮನುಷ್ಯ.

“ಹಿಂದಕ ನಾವು ಏನ್ ಮಾಡ್ತಿದ್ವಿ ಕೇಳು. ನೆಗೆಟಿವ್‌ದ ಒಂದು ನಕಲು ತಗೀತಿದ್ವಿ, ಆದ್ರ ನಡುವ ಒಂದು ಗಾಜು ಇಡ್ತಿದ್ವಿ. ಅಂತರ ಬಿತ್ತಲ, ನಕಲು ಮಬ್ಬಾಗತಿತ್ತು. ತೆಳು, ಮಬ್ಬು ನಕಲು. ಅದನ್ನ ಮೂಲ ನೆಗೆಟಿವ್‌ಗೆ ಜೋಡಿಸಿ ಇಟ್ಟು ಪ್ರಿಂಟ್ ಹೊಡದ್ರ, ಅಂಚುಗಳೆಲ್ಲ ಎದ್ದು ಕಾಣ್ತಿದ್ವು. ಆ ಮಬ್ಬು ನಕಲೇ ಮಾಸ್ಕು.”

“ಮಬ್ಬು ಹಚ್ಚಿದ್ರ ಚುರುಕು ಹೆಂಗ ಆಗ್ತದ್ರಿ? ನನಗ ಹುಚ್ಚಿ ಮಾಡಬ್ಯಾಡ್ರಿ.”

ಅವರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಕಂಪ್ಯೂಟರ್ ಕೂಡ ಮೊದಲು ಚಿತ್ರದ ಮಬ್ಬು ನಕಲು ಮಾಡಿಕೊಳ್ಳುತ್ತದೆ. ಆಮೇಲೆ ಮೂಲವನ್ನೂ ನಕಲನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಎಷ್ಟು ವ್ಯತ್ಯಾಸ ಇದೆ ಎಂದು ಕಳೆದು ನೋಡುತ್ತದೆ. ಖಾಲಿ ಗೋಡೆಯನ್ನು ಎಷ್ಟು ಮಬ್ಬು ಮಾಡಿದರೂ ಗೋಡೆಯೇ. ಅಲ್ಲಿ ವ್ಯತ್ಯಾಸ ಸೊನ್ನೆ. ಆದರೆ ಕಪ್ಪು ಕೂದಲು ಬೆಳ್ಳಗಿನ ಪರದೆಗೆ ತಾಗುವಲ್ಲಿ ಮಬ್ಬು ನಕಲಿನಲ್ಲಿ ಕಪ್ಪು ಬಣ್ಣ ಪರದೆಯೊಳಕ್ಕೆ ಇಳಿದಿರುತ್ತದೆ, ಬಿಳುಪು ಕೂದಲೊಳಕ್ಕೆ ಇಳಿದಿರುತ್ತದೆ. ವ್ಯತ್ಯಾಸ ಇರುವುದು ಅಲ್ಲೇ. ಆ ವ್ಯತ್ಯಾಸವನ್ನು ಇಷ್ಟು ಪಟ್ಟು ಎಂದು ಹಿಗ್ಗಿಸಿ ಮೂಲಕ್ಕೆ ಸೇರಿಸಿದಾಗ ಅಂಚಿನ ಕಪ್ಪು ಕಡೆ ಇನ್ನಷ್ಟು ಕಪ್ಪಾಗುತ್ತದೆ, ಬಿಳಿ ಕಡೆ ಇನ್ನಷ್ಟು ಬಿಳಿಯಾಗುತ್ತದೆ. ಕಣ್ಣು ಅದನ್ನು ಚುರುಕು ಎಂದು ನಂಬುತ್ತದೆ.

“ಇಲ್ಲದ್ದನ್ನ ಇದು ಹುಟ್ಟಸೂದಿಲ್ಲ” ಎಂದು ಅವರು ಬೆರಳೆತ್ತಿ ಎಚ್ಚರಿಸಿದರು. “ಫೋಕಸ್ ತಪ್ಪಿದ ಫೋಟೋ ತಪ್ಪಿದ್ದೇ. ಇದು ಬರೇ ಅಂಚಿಗೆ ಒತ್ತು ಕೊಡ್ತದ.”

ಫಿಲ್ಟರಿನಲ್ಲಿ ಇರುವುದು ಮೂರು ಅಳತೆ. ಆ ಒತ್ತು ಎಷ್ಟು ಜೋರು ಎನ್ನುವುದು ಅಮೌಂಟ್. ಅಂಚಿನಿಂದ ಎಷ್ಟು ಅಗಲಕ್ಕೆ ಹರಡಬೇಕು ಎನ್ನುವುದು ರೇಡಿಯಸ್, ಅಂದರೆ ನಕಲನ್ನು ಎಷ್ಟು ಮಬ್ಬು ಮಾಡಬೇಕು ಎನ್ನುವುದು. ಅಕ್ಕಪಕ್ಕದ ಬಣ್ಣಗಳಲ್ಲಿ ಕನಿಷ್ಠ ಎಷ್ಟು ವ್ಯತ್ಯಾಸ ಇದ್ದರೆ ಅದನ್ನು ಅಂಚು ಎಂದು ಎಣಿಸಬೇಕು ಎನ್ನುವುದು ಥ್ರೆಶೋಲ್ಡ್. ಥ್ರೆಶೋಲ್ಡ್ ಸೊನ್ನೆ ಇಟ್ಟರೆ ಕೆನ್ನೆಯ ಒಂದೊಂದು ರಂಧ್ರವೂ ತಾನೂ ಒಂದು ಅಂಚು ಎಂದು ಮುಂದೆ ಬಂದು ನಿಲ್ಲುತ್ತದೆ. ರೇಡಿಯಸ್ಸೂ ಅಮೌಂಟೂ ಎರಡೂ ಏರಿದರೆ ಬಿಳಿ ಕಡೆಯ ಬಿಳುಪು ಅಗಲವಾಗಿ, ಬೇರೆಯೇ ಗೆರೆಯಾಗಿ ಕಾಣತೊಡಗುತ್ತದೆ. ಇಷ್ಟನ್ನೂ ನನಗೆ ಕಲಿಸಿದವರು ಅವರೇ. ಬಿಳಿ ಗೆರೆ ಬಂದ ಪ್ರಿಂಟನ್ನು ಬೇರೆ ಅಂಗಡಿಗಳಲ್ಲಿ ಕಂಡರೆ, “ಕಾಡಿಗಿ ಹಚ್ಚು ಅಂದ್ರ ಮಾರಿಗೆಲ್ಲಾ ಬಡದಾರ” ಎಂದು ನಗುತ್ತಿದ್ದವರೂ ಅವರೇ.

ಅಂಥವರ ಕೈಯಿಂದ ಈ ಆಲ್ಬಮ್ಮು!

ಹುಡುಗಿ ಹೋದಮೇಲೆ ನಾನು ಆಲ್ಬಮ್ ಹಿಡಿದು ಒಳಗೆ ಹೋದೆ. ಸಾವಧಾನವಾಗಿ ಹೇಳಬೇಕೆಂದು ಹೊಸ್ತಿಲವರೆಗೂ ಅಂದುಕೊಂಡಿದ್ದೆ. ಹೊಸ್ತಿಲು ದಾಟಿದ ಕೂಡಲೇ ಬಾಯಿ ತನ್ನ ಕೆಲಸ ಮಾಡಿತು.

“ಏನ್ರಿ ಇದು? ಮದುವಿ ಹುಡುಗಿಗೆ ಸುಣ್ಣದ ಗೆರಿ ಯಾಕ ಎಳದೀರಿ?”

ಅವರು ಆಲ್ಬಮ್ ತೆಗೆದುಕೊಂಡು ಕೈ ನೀಡಿದಷ್ಟು ದೂರ ಹಿಡಿದು ನೋಡಿದರು. “ಎಲ್ಲೆ ಅದ ಗೆರಿ?”

“ಇಲ್ಲೆ. ಕೂದಲ ಸುತ್ತ.”

“ಚಂದ ಬಂದದಲ್ಲ. ಎಳಿ ಎಳಿ ಕಾಣ್ತದ.” ಆಲ್ಬಮ್ ಮುಚ್ಚಿ ನನ್ನ ಕೈಗೇ ಕೊಟ್ಟರು. “ಆ ಹುಡುಗಿ ಎಲ್ಲಾ ಫೋನಿನಾಗ ನೋಡ್ತಾಳ. ಪ್ರಿಂಟಿನ ಮಾತು ಬ್ಯಾರೆ. ಶಾಯಿ ಹರಡ್ತದ, ಕಾಗದ ಚುರುಕು ತಿಂತದ. ಸ್ಕ್ರೀನಿನ ಮ್ಯಾಲೆ ತುಸು ಹೆಚ್ಚಾತು ಅನ್ನೂಹಂಗ ಇಟ್ರನ ಕಾಗದದ ಮ್ಯಾಲೆ ಸರಿ ಕೂಡ್ತದ.”

ಕಾಗದ ತಿನ್ನುವ ಮಾತು ಸುಳ್ಳಲ್ಲ. ಅದಕ್ಕೇ ನನಗೆ ಅಷ್ಟು ದಿನ ಅನುಮಾನ ಬಂದಿರಲಿಲ್ಲ. ಆದರೆ ಕಾಗದ ತಿಂದು ಉಳಿದದ್ದೇ ಇಷ್ಟು ದಪ್ಪ ಗೆರೆ ಎಂದರೆ ಕೊಟ್ಟದ್ದೆಷ್ಟು? ನಾನು ಮತ್ತೆ ಗೆರೆಯ ಮೇಲೆ ಬೆರಳಾಡಿಸಿ ತೋರಿಸಿದೆ. ಅವರು ಮತ್ತೆ ಇಲ್ಲ ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನರನ್ನು ಕಂಡಿದ್ದೇನೆ; ಆದರೆ ಮೊಲವನ್ನು ಮುಖಕ್ಕೆ ಹಿಡಿದಾಗಲೂ ಕಾಲು ಎಣಿಸಲು ಒಪ್ಪದವರನ್ನು ಅಂದೇ ಕಂಡದ್ದು. ನನಗೆ ಮೈಯೆಲ್ಲ ಉರಿಯಿತು. ರಾತ್ರಿಯ ಊಟಕ್ಕೆ ಝುಣಕ ರೊಟ್ಟಿ ತಟ್ಟೆಗೆ ಹಾಕಿ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟೆ. ಅವರು ಉಪ್ಪು ಕಡಿಮೆ ಇದ್ದರೂ ಕೇಳದೆ ಉಂಡೆದ್ದರು.

ಮರುದಿನ ಅವರು ಲ್ಯಾಮಿನೇಶನ್ ರೋಲು ತರಲು ಪೇಟೆಗೆ ಹೋದಾಗ ನಾನು ಆ ಕುರ್ಚಿಯಲ್ಲಿ ಕುಳಿತೆ. ಆ ಫಿಲ್ಟರ್ ತೆರೆದರೆ ಕೊನೆಯ ಸಲ ಬಳಸಿದ ಅಳತೆಗಳು ಹಾಗೆಯೇ ಕಾಣುತ್ತವೆ. ಅಮೌಂಟ್ ಇನ್ನೂರ ಇಪ್ಪತ್ತು. ರೇಡಿಯಸ್ ನಾಲ್ಕು ಪಿಕ್ಸೆಲ್. ಥ್ರೆಶೋಲ್ಡ್ ಸೊನ್ನೆ. ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೆ. ಆಲ್ಬಮ್ಮಿನ ಈ ಅಳತೆಯ ಪುಟಕ್ಕೆ ರೇಡಿಯಸ್ ಒಂದು, ಒಂದೂವರೆ ದಾಟಬಾರದು ಎಂದು ನನಗೆ ಬೈದು ಕಲಿಸಿದ ಮನುಷ್ಯ! ಸ್ಕ್ರೀನಿನಲ್ಲಿ ಇಡೀ ಪುಟ ಸಣ್ಣದಾಗಿ ಕೂಡುವಂತೆ ಇಟ್ಟುಕೊಂಡಿದ್ದರು. ಹಾಗಿಟ್ಟರೆ ಒಂದು ಪಿಕ್ಸೆಲ್ ಒಂದಾಗಿ ಕಾಣುವುದಿಲ್ಲ, ನಾಲ್ಕಾರು ಕೂಡಿ ಒಂದಾಗುತ್ತವೆ, ಗೆರೆ ಮುಚ್ಚಿಹೋಗುತ್ತದೆ. ನೂರಕ್ಕೆ ನೂರರ ಅಳತೆಗೆ ಹಿಗ್ಗಿಸಿದೆ. ಗೆರೆ ಕಟ್ಟಿಗೆಯಂತೆ ಎದ್ದು ನಿಂತಿತು.

ಮರೆವೋ? ಮೊಂಡುತನವೋ? ತಲೆಗೇ ಏನಾದರೂ ಆಗಿದೆಯೋ? ಈ ಮೂರನೆಯದು ಹೊಳೆದಾಗ ನನ್ನ ಸಿಟ್ಟು ಇಳಿದು ಹೆದರಿಕೆ ಹತ್ತಿತು.

ಕತ್ತಲೆ ಕೋಣೆಯವರಿಗೆ ಒಂದು ಪದ್ಧತಿ ಇದೆ. ದೊಡ್ಡ ಪ್ರಿಂಟು ಹೊಡೆಯುವ ಮೊದಲು ಅದೇ ಚಿತ್ರದ ಒಂದು ತುಣುಕನ್ನು ಬೇರೆಬೇರೆ ಅಳತೆಯಲ್ಲಿ ಪಟ್ಟಿ ಪಟ್ಟಿಯಾಗಿ ಹೊಡೆದು, ಬೆಳಕಿಗೆ ಇಟ್ಟು, ಒಂದನ್ನು ಆರಿಸುವುದು. ಕಂಪ್ಯೂಟರ್ ಬಂದ ಮೇಲೂ ಅವರು ಅದನ್ನು ಬಿಟ್ಟಿರಲಿಲ್ಲ. ಈಚೆಗೆ ಯಾಕೋ ಬಿಟ್ಟಿದ್ದರು. ನಾನು ಅದೇ ವಧುವಿನ ಮುಖ, ಹೆರಳಿನ ತುಣುಕು ತೆಗೆದು ಪಟ್ಟಿಗಳನ್ನು ಹೊಡೆದೆ. ಒಂದು ಏನೂ ಮಾಡದ್ದು. ಒಂದು, ಅವರು ಕಲಿಸಿದ ಹದದ್ದು. ಒಂದು, ಅವರ ಈಗಿನ ಅಳತೆಯದ್ದು. ಅದಕ್ಕೂ ಮೇಲಿನದು ಇನ್ನೊಂದು. ಯಾವುದು ಯಾವುದೆಂದು ಹಿಂದೆ ಪೆನ್ಸಿಲಿನಿಂದ ಬರೆದಿಟ್ಟೆ.

ಅವರು ಬಂದು ಚಹಾ ಕುಡಿದು ಕುಳಿತಾಗ ಪಟ್ಟಿಗಳನ್ನು ಬಾಗಿಲ ಬೆಳಕಿನಲ್ಲಿ ಮೇಜಿನ ಮೇಲೆ ಹರಡಿದೆ. “ಜಗಳ ಬ್ಯಾಡ. ಇದರಾಗ ಸರಿ ಇದ್ದದ್ದು ಯಾವ್ದು, ಆರಿಸ್ರಿ ನೋಡೋಣು.”

ಪಟ್ಟಿ ಕಂಡ ಕೂಡಲೇ ಅವರ ಮುಖ ಅರಳಿತು. ಹಳೆಯ ಅಭ್ಯಾಸ, ಒಂದೊಂದನ್ನೇ ಎತ್ತಿ, ಓರೆ ಮಾಡಿ, ಬೆಳಕಿಗೆ ಹಿಡಿದು, ಸಾವಕಾಶ ಜೋಡಿಸಿದರು. ಏನೂ ಮಾಡದ್ದನ್ನೂ ಹದವಾಗಿ ಮಾಡಿದ್ದನ್ನೂ ಒಟ್ಟಿಗೆ ಬದಿಗೆ ಸರಿಸಿ, “ಇವೆರಡೂ ಒಂದs, ಮಬ್ಬು” ಎಂದರು. ತಮ್ಮ ಅಳತೆಯದ್ದನ್ನು ಎತ್ತಿ, “ಅಡ್ಡಿಯಿಲ್ಲ” ಎಂದರು. ಎಲ್ಲಕ್ಕಿಂತ ಕೆಟ್ಟದ್ದನ್ನು, ನಾನು ಬೇಕೆಂದೇ ಹಾಳು ಮಾಡಿದ್ದನ್ನು ನನ್ನ ಕೈಗಿಟ್ಟು ಹೇಳಿದರು: “ಇದು ನೋಡು. ಇದು ಪ್ರಿಂಟ್!”

ಆ ಪಟ್ಟಿಯಲ್ಲಿ ವಧುವಿನ ಹೆರಳಿನ ಸುತ್ತ ಚಿಟಿಕೆ ರಂಗೋಲಿ ಎಳೆದಷ್ಟು ಬಿಳುಪಿತ್ತು. ಅವರ ಮುಖದಲ್ಲಿ ಹಟ ಇರಲಿಲ್ಲ, ನಟನೆ ಇರಲಿಲ್ಲ. ನಿಜವಾಗಿ ಸಂತೋಷಪಟ್ಟಿದ್ದರು.

“ರೀ,” ಎಂದೆ, “ನಿಮ್ಮ ಭೂತಗನ್ನಡಿ ತರ್ರಿ.”

ಛಾಪಖಾನೆಯ ಕಾಲದ, ಫಿಲ್ಮಿನ ಮೇಲಿಟ್ಟು ಒಂದು ಕಣ್ಣಿನಿಂದ ನೋಡುವ ಪುಟ್ಟ ಭೂತಗನ್ನಡಿ ಅವರ ಡ್ರಾಯರಿನಲ್ಲಿತ್ತು. “ಅದ್ಯಾಕ ಈಗ” ಎನ್ನುತ್ತಲೇ ತಂದು ಪಟ್ಟಿಯ ಮೇಲಿಟ್ಟು ಬಗ್ಗಿದರು. ಬಗ್ಗಿದವರು ಹಾಗೆಯೇ ಉಳಿದರು. ತಲೆ ಎತ್ತಿ ಬರಿಗಣ್ಣಿನಿಂದ ನೋಡಿದರು. ಮತ್ತೆ ಬಗ್ಗಿದರು. ಆಮೇಲೆ ಆಲ್ಬಮ್ ಎಳೆದುಕೊಂಡು ಅದರ ಮೇಲಿಟ್ಟರು. ಒಂದು ಪುಟ, ಮುಂದಿನ ಪುಟ, ಅದರ ಮುಂದಿನ ಪುಟ.

ನಾನು ಏನೂ ಹೇಳಬೇಕಾಗಲಿಲ್ಲ. ಆ ಕೆಲಸದಲ್ಲಿ ಪಳಗಿದ ಮನುಷ್ಯ. ಲೆಕ್ಕ ಅವರೇ ಹಾಕಿದರು. “ನನ್ನ ಕಣ್ಣs ಮಬ್ಬು ಮಾಡ್ಲಿಕತ್ತದ” ಎಂದರು. “ಗೆರಿ ಕಾಗದದ ಮ್ಯಾಲೆ ಅದ. ಆದ್ರ ನನ್ನ ಕಣ್ಣಿನ ಮಬ್ಬು ಆ ಗೆರಿಗಿಂತ ಅಗಲ ಆಗೇದ. ಗೆರಿ ಅದರಾಗ ಕರಗಿ, ನನಗ ಬರೇ ಚುರುಕು ಕಾಣ್ತದ. ಮಬ್ಬು ಹೆಚ್ಚಾದಂಗ ನಾ ರೇಡಿಯಸ್ ಏರಿಸಿಕೋತ ಹೋಗೇನಿ.”

ಸಂಜೆ ಸ್ಕೂಟರ್ ಹೊಡೆಯುವುದನ್ನು ಅವರು ಬಿಟ್ಟಿದ್ದು, ಎದುರಿನ ದೀಪಗಳು ಒಡೆದಂತೆ ಕಾಣುತ್ತವೆ ಎಂದದ್ದು, ಪೇಪರ್ ಓದಲು ಕಿಟಕಿಗೆ ಹೋಗುತ್ತಿದ್ದದ್ದು ಎಲ್ಲ ನನಗೆ ಆಗ ಒಂದಕ್ಕೊಂದು ಕೂಡಿಬಂತು. ವಯಸ್ಸಾಯಿತು ಎಂದು ನಾವಿಬ್ಬರೂ ನಕ್ಕು ಬಿಟ್ಟಿದ್ದೆವು. ಪೊರೆ ಇದ್ದೀತು, ಆಪರೇಶನ್ ಮಾಡಿದರೆ ಹೋಗುತ್ತದೆ, ಊರಿಗೆಲ್ಲ ಆಗುವಂಥದ್ದು ಎಂದು ನಾನು ಒಂದೇ ಉಸಿರಿನಲ್ಲಿ ಹೇಳುತ್ತ ಹೋದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

“ಹಿಂಗನs ಎಷ್ಟು ಮಂದಿ ಮನಿಗೆ ಹೋಗ್ಯಾವ?” ಎಂದರು. “ಎಷ್ಟು ಗ್ವಾಡಿ ಮ್ಯಾಲೆ ನೇತಾಡ್ತಾವ?”

ಕಣ್ಣಿನ ಬಗ್ಗೆ ಒಂದು ಮಾತಿಲ್ಲ! ನನಗೆ ಅಳು ಬಂತು, ಸಿಟ್ಟೂ ಬಂತು. “ಅವು ನೇತಾಡ್ಲಿ ಬಿಡ್ರಿ! ಮೊದಲು ನಿಮ್ಮ ಕಣ್ಣು ನೋಡ್ರಿ” ಎಂದು ಕೂಗಿದೆ. ಪಕ್ಕದ ಅಂಗಡಿಯಾಕೆ ಏನಾಯಿತೋ ಎಂದು ಹೊರಗಿನಿಂದಲೇ, “ಕಾಯ್ ಝಾಲಂ ವಹಿನಿ?” ಎಂದು ಕೇಳಿದಳು. ಏನೂ ಇಲ್ಲ ಎಂದು ಮರಾಠಿಯಲ್ಲಿ ಹೇಳಿ ಮೂಗು ಒರೆಸಿಕೊಂಡೆ.

ಕಣ್ಣಿನ ಡಾಕ್ಟರು ಎರಡೂ ಕಣ್ಣಲ್ಲಿ ಪೊರೆ ಎಂದರು. ಮೊದಲು ಒಂದು, ಕೆಲವು ವಾರ ಬಿಟ್ಟು ಇನ್ನೊಂದು. ಆದರೆ ಆಲ್ಬಮ್ ಅಲ್ಲಿಯವರೆಗೆ ಕಾಯುವಂತಿರಲಿಲ್ಲ. ನಾನು ಕುರ್ಚಿಯಲ್ಲಿ ಕುಳಿತೆ, ಅವರು ಪಕ್ಕದ ಸ್ಟೂಲಿನಲ್ಲಿ.

ಅವರು ಹೇಳುವುದು, ನಾನು ನೋಡುವುದು. ಅಷ್ಟು ವರ್ಷ ಸಂಸಾರ ಮಾಡಿದ್ದೇವೆ, ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ.

“ಮೊದಲು ಚಿತ್ರದ ಅಳತಿ ಪ್ರಿಂಟಿನ ಅಳತಿಗೆ ಮಾಡು. ಚುರುಕು ಮಾಡಿ ಆಮ್ಯಾಲೆ ಹಿಗ್ಗಿಸಿದ್ರ ಗೆರಿನೂ ಹಿಗ್ತದ. ಈಗ ನೂರಕ್ಕ ನೂರು ಇಡು. ಅಮೌಂಟ್ ಬೇಕಂತನs ಮ್ಯಾಲೆ ಒಯ್ಯಿ, ಮುನ್ನೂರು.”

“ಮುನ್ನೂರು? ಬುದ್ಧಿ ಬರಲಿಲ್ಲೇನ್ರಿ ಇನ್ನೂ?”

“ಏ, ಕೇಳಿಲ್ಲೆ! ಅದು ಹಂಗs ಇಡ್ಲಿಕ್ಕಲ್ಲ. ಜೋರಿದ್ದಾಗ ರೇಡಿಯಸ್ ಏನ್ ಮಾಡ್ತದ ಅನ್ನೂದು ಕಾಣ್ತದ. ಈಗ ರೇಡಿಯಸ್ ಅರ್ಧದಿಂದ ಏರಿಸ್ಕೋತ ಬಾ. ರೆಪ್ಪಿ ನೋಡು. ರೆಪ್ಪಿಕೂದಲು ಒಂದೊಂದs ಇರೂತನಕ ಸರಿ. ಅವು ಒಂದಕ್ಕೊಂದು ಕೂಡಿ ದಪ್ಪ ಆದ್ವು ಅಂದ್ರ ಹಿಂದಕ ಬಾ.”

ಒಂದು ದಶಾಂಶ ಎರಡಕ್ಕೆ ರೆಪ್ಪೆ ಬಿಡಿಬಿಡಿಯಾಗಿತ್ತು. ಎರಡಕ್ಕೆ ಹೋದಾಗ ಹೊಲಿಗೆ ಹಾಕಿದಂತೆ ಆಯಿತು. ಹಿಂದೆ ಬಂದೆ. ಆಮೇಲೆ ಅಮೌಂಟ್ ಇಳಿಸುತ್ತ ಬರಲು ಹೇಳಿದರು. ಹೆರಳಿನಂಚಿನ ಬಿಳುಪು ತನ್ನಷ್ಟಕ್ಕೆ ಕಾಣುವುದು ನಿಂತು, ಕೂದಲು ಮಾತ್ರ ಕಾಣುವಲ್ಲಿ ನಿಲ್ಲಿಸು ಎಂದರು. ನೂರಾ ಹತ್ತರ ಹತ್ತಿರ ನಿಂತೆ. ಕಾಗದ ತಿನ್ನುವುದಕ್ಕೆಂದು ಹತ್ತು ಏರಿಸು ಎಂದರು. ಕೊನೆಗೆ ಥ್ರೆಶೋಲ್ಡ್. ಒಂದು, ಎರಡು ಎಂದು ಏರಿಸುತ್ತ ವರನ ಕೆನ್ನೆ ನೋಡಿದೆ. ನಾಲ್ಕಕ್ಕೆ ತರಿ ಅಡಗಿತು. ಇನ್ನೂ ನುಣುಪಾಗಲಿ ಎಂದು ನಾನು ಹನ್ನೆರಡಕ್ಕೆ ಒಯ್ದು, “ಈಗ ಏನ್ ಚಂದ ಕಾಣ್ತಾನ ನೋಡ್ರಿ” ಎಂದೆ.

“ಅವನ ಹುಬ್ಬು ಹೆಂಗದ?”

ಹುಬ್ಬಿನ ತೆಳುಗೂದಲು ಸಪ್ಪಗಾಗಿತ್ತು. ಸೀರೆಯ ನೇಯ್ಗೆಯೂ ಮಂಕಾಗಿತ್ತು. ಅಂಚೇ ಅಲ್ಲ ಎಂದು ಫಿಲ್ಟರು ಅವನ್ನೂ ಕೈಬಿಟ್ಟಿತ್ತು. ಅವರಿಗೆ ಅದು ಕಾಣುತ್ತಿರಲಿಲ್ಲ. ಆದರೆ ಹಾಗೆ ಆಗುತ್ತದೆ ಎಂದು ಗೊತ್ತಿತ್ತು. ಸುಮ್ಮನೆ ನಾಲ್ಕಕ್ಕೆ ಬಂದೆ.

ಆಲ್ಬಮ್ ಕೊಡುವಾಗ ಬೆಂಗಳೂರಿನ ಹುಡುಗಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಪುಟ ತಿರುಗಿಸಿ, “ಸೂಪರ್ ಆಂಟಿ” ಎಂದಳು. ಆಮೇಲೆ ಒಳಗೆ ಹೋಗಿ, “ಅಂಕಲ್, ಆಪರೇಶನ್ ಆದ್ಮೇಲೆ ನನ್ ಕೆಲ್ಸ ನಿಮ್ದೇ, ಆಯ್ತಾ?” ಎಂದಳು. ಅವರು ತಲೆ ಅಲ್ಲಾಡಿಸಿದರು.

ಮೊದಲ ಕಣ್ಣಿನ ಆಪರೇಶನ್ ಆಯಿತು. ಹನಿ ಹಾಕುವ ದಿನಗಳು ಮುಗಿದು ಡಾಕ್ಟರು ಹ್ಞೂಂ ಅಂದ ಕೂಡಲೇ ಅವರು ಕುಳಿತದ್ದು ಹಳೆಯ ಫೈಲುಗಳ ಮುಂದೆ. ಆ ವರ್ಷ ಅಂಗಡಿಯಿಂದ ಹೋದ ಚಿತ್ರಗಳನ್ನು ಹೊಸ ಕಣ್ಣಿನಲ್ಲಿ ನೋಡುತ್ತ, “ಅಯ್ಯ ಶಿವನ, ಅಯ್ಯ ಶಿವನ” ಎನ್ನುತ್ತಿದ್ದರು. ಬೇರೆ ಯಾರೂ ದೂರಿಲ್ಲ, ಸುಮ್ಮನಿರಿ ಎಂದೆ. ಯಾರೂ ದೂರದಿದ್ದರೆ ತಪ್ಪು ತಪ್ಪಲ್ಲವೇ ಎಂದು ನನ್ನ ಮೇಲೇ ಹರಿಹಾಯ್ದರು. ಗೋಡೆಗೆ ಹಾಕುವ ದೊಡ್ಡ ಪ್ರಿಂಟುಗಳನ್ನು ಮಾತ್ರ ಮತ್ತೆ ಹೊಡೆದು ಮನೆಮನೆಗೆ ಹೋಗಿ ಬದಲಿಸಿ ಬರತೊಡಗಿದರು. ಕೆಲವರು ಥ್ಯಾಂಕ್ಸ್ ಎಂದರು, ಕೆಲವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಹಳೆಯದನ್ನು ವಾಪಸ್ ತಂದು ಅವರು ಹರಿದು ಹಾಕುತ್ತಿದ್ದರು. ಹರಿಯುವಾಗ ಅವರ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಕಾತ್ರಜದ ಒಂದು ಮನೆಗೆ ನಾನೂ ಜೊತೆಗೆ ಹೋದೆ. ಬೆಳಗಾವಿ ಕಡೆಯವರು, ಮೊಮ್ಮಗಳ ಮದುವೆಯ ಚಿತ್ರವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದರು. ಸೊಸೆ ಬಾಗಿಲು ತೆರೆದು, ವಿಷಯ ಕೇಳಿ, ಹೊಸ ಪ್ರಿಂಟು ನೋಡಿ, “ಭಾಳ ಛಲೋ ಆಗೇದ್ರಿ” ಎಂದು ಗೋಡೆಯ ಕಟ್ಟು ಇಳಿಸಲು ಕೈ ಹಾಕಿದಳು. ಅದರ ಕೆಳಗಿನ ಮಂಚದ ಮೇಲೆ ಕುಳಿತಿದ್ದ ಅಜ್ಜಿ ತಟ್ಟನೆ ತಲೆ ಎತ್ತಿದಳು.

“ಏ, ಅದನ್ನ ಯಾಕ ತಗೀತಿ?”

“ಅತ್ತಿ, ಅದರಾಗ ತಪ್ಪಾಗೇದಂತ. ಹೊಸಾದು ತಂದಾರ.”

“ಎಲ್ಲೆ, ತಾ.” ಅಜ್ಜಿ ಹೊಸ ಪ್ರಿಂಟನ್ನು ಮೂಗಿನವರೆಗೆ ತಂದು, ಓರೆ ಮಾಡಿ, ದೂರ ಮಾಡಿ ನೋಡಿದಳು. ಅವಳ ಕಣ್ಣಿನ ಒಳಪರದೆಯೇ ಹೋಗಿದೆ, ಆಪರೇಶನ್ನಿನಿಂದ ಸರಿಯಾಗುವಂಥದ್ದಲ್ಲ ಎಂದು ಸೊಸೆ ನಮಗೆ ಮೆಲ್ಲಗೆ ಹೇಳಿದಳು. ಅಜ್ಜಿ ಪ್ರಿಂಟನ್ನು ನನ್ನ ಗಂಡನ ಕಡೆ ಚಾಚಿದಳು.

“ಇದರಾಗ ಯಾರೂ ಇಲ್ಲಲ್ಲೊ ತಮ್ಮಾ. ಆ ಗ್ವಾಡಿ ಮ್ಯಾಲಿಂದರಾಗ ನನ್ನ ಮಮ್ಮಗಳು ಕಾಣ್ತಾಳ. ಇಲ್ಲೆ ಹೆರಳು, ಇಲ್ಲೆ ಮಾರಿ, ಇಲ್ಲೆ ಭುಜ, ಎಲ್ಲಾ ಬ್ಯಾರೆಬ್ಯಾರೆ ಕಾಣ್ತದ. ಈ ಮನ್ಯಾಗ ನನಗ ಮಾರಿ ಕಾಣೂ ಫೋಟೋ ಅದೊಂದs. ಅದನ್ನ ಒಯ್ಯಬ್ಯಾಡೊ ಯಪ್ಪಾ, ನಿನಗ ಕೈ ಮುಗೀತೀನಿ.”

ನನ್ನ ಗಂಡ ಕೈಯಲ್ಲಿ ಆ ಹದವಾದ, ಒಂದೂ ಗೆರೆಯಿಲ್ಲದ ಪ್ರಿಂಟು ಹಿಡಿದು ನಿಂತೇ ಇದ್ದರು. ಆಮೇಲೆ ಸೊಸೆ ಇಳಿಸಿದ್ದ ಕಟ್ಟನ್ನು ತಾವೇ ಮೊದಲಿದ್ದ ಮೊಳೆಗೆ ನೆಟ್ಟಗೆ ತೂಗುಹಾಕಿದರು. ಬಸ್ಸಿನಲ್ಲಿ ಬರುವಾಗ ಹೊಸ ಪ್ರಿಂಟು ಅವರ ತೊಡೆಯ ಮೇಲೇ ಇತ್ತು.

ಇನ್ನೊಂದು ಕಣ್ಣಿನ ಆಪರೇಶನ್ನಿಗೆ ಡಾಕ್ಟರು ದಿನ ಕೊಟ್ಟಿದ್ದರು. ಅವರು ಫೋನ್ ಮಾಡಿ ಒಂದು ವಾರ ಮುಂದಕ್ಕೆ ಹಾಕಿಸಿದರು. ಹೆದರಿಕೆಯೇನ್ರಿ ಎಂದು ಕೆಣಕಿದೆ. ಅವರು ಕುರ್ಚಿಯಲ್ಲಿ ಕುಳಿತು ಅಜ್ಜಿಯ ಮೊಮ್ಮಗಳ ಮದುವೆಯ ಫೈಲು ತೆರೆದರು. ಅದರಲ್ಲಿ ಮುಖಗಳು ದೊಡ್ಡದಾಗಿದ್ದ ಚಿತ್ರಗಳನ್ನು ಆರಿಸಿದರು. ಅಜ್ಜಿಯ ಮಗ, ಸೊಸೆ, ಅಳಿಯ, ಮಕ್ಕಳು. ಫಿಲ್ಟರ್ ತೆರೆದು ರೇಡಿಯಸ್ ನಾಲ್ಕು ದಾಟಿಸಿದರು. ನಾನು ಹೌಹಾರಿ ಎದ್ದೆ.

“ಏನ್ ಮಾಡ್ಲಿಕತ್ತೀರ್ರಿ?”

“ತಡಿ” ಎಂದರು. ಎಡಗೈಯಿಂದ ಆಪರೇಶನ್ ಆದ ಕಣ್ಣನ್ನು ಮುಚ್ಚಿಕೊಂಡು, ಪೊರೆ ಉಳಿದಿದ್ದ ಕಣ್ಣಿನಿಂದ ಪರದೆಯನ್ನು ನೋಡುತ್ತ, ಆ ಮುಖಗಳು ಕಾಣುವವರೆಗೆ ಏರಿಸುತ್ತ ಹೋದರು.